ಚಪ್ಪಲಿ ಕಳಚಿದ ಮೇಲೆ ಬಿದ್ದವರು: ಹಿರಿಯರ ಕೂಟದ ಒಂದು ಮಾತು, ಒಬ್ಬ ಮಾಸ್ಟ್ರ ಪ್ರಕರಣ

ಹಿನ್ನೆಲೆ

ಕಾಸರಗೋಡು ಜಿಲ್ಲೆಯ ಕನ್ನಡ ಭಾಗದ ಒಂದು ಊರು. ಅಡಿಕೆ ತೋಟ, ಗುಡ್ಡ, ಕೆಂಪುಕಲ್ಲಿನ ಮೆಟ್ಟಿಲು, ನಡುವೆ ಒಂದು ತೋಡು. ಅಲ್ಲಿನ ಹಿರಿಯ ನಾಗರಿಕರ ಕೂಟ ತಿಂಗಳಿಗೊಮ್ಮೆ ವಾಚನಾಲಯದ ಹಾಲ್‌ನಲ್ಲಿ ಸೇರುತ್ತದೆ. ಪೆನ್ಶನ್ ವಿಚಾರ, ಒಂದೆರಡು ಭಜನೆ, ಕೊನೆಗೆ ಚಹಾ ಮತ್ತು ಅವಲಕ್ಕಿ. ಆ ವರ್ಷದ ಮಳೆಗಾಲ ಮುಗಿಯುವಷ್ಟರಲ್ಲಿ ಕೂಟದ ಮೂವರು ಬಿದ್ದು ಮೂಳೆ ಮುರಿದುಕೊಂಡಿದ್ದರು. ಇಬ್ಬರದು ಮಣಿಕಟ್ಟು, ಒಬ್ಬರದು ಸೊಂಟ. ಸೊಂಟ ಮುರಿದವರು ಮತ್ತೆ ಕೂಟಕ್ಕೆ ಬರುವ ಸ್ಥಿತಿಯಲ್ಲಿ ಇರಲಿಲ್ಲ.

ಕಾರ್ಯದರ್ಶಿಗಳು ಫೋನ್ ಮಾಡಿದರು. "ಡಾಕ್ಟ್ರೇ, ವಯಸ್ಸಾದವರು ಎಂಥ ಚಪ್ಪಲಿ ಹಾಕ್ಬೇಕು, ಕಾಲು ಗಟ್ಟಿ ಇಟ್ಟುಕೊಳ್ಳೋದು ಹೇಗೆ ಅಂತ ಒಂದು ಗಂಟೆ ಮಾತಾಡಿ, ಸಾಕು." ನಾನು ಫಿಸಿಯೋಥೆರಪಿಸ್ಟ್. ಊರವರಿಗೆ ಅದೂ ಡಾಕ್ಟ್ರೇ.

ಇಲ್ಲಿ ಬರುವವರ ಗುರುತು ಸಿಗಬಾರದು ಅಂತ ಊರಿನ ಹೆಸರು ಬಿಟ್ಟಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ. ಮುಖ್ಯವಾಗಿ ಇಬ್ಬರು ಬರುತ್ತಾರೆ. ಒಬ್ಬರು ನಿವೃತ್ತ ಶಾಲಾ ಅಧ್ಯಾಪಕರು, 76 ವರ್ಷ, ಬಹಳ ಕಾಲದಿಂದ ಸಕ್ಕರೆ ಕಾಯಿಲೆ. ಅವರನ್ನು ಮಾಸ್ಟ್ರು ಅಂತಲೇ ಕರೆಯುತ್ತೇನೆ. ಇನ್ನೊಬ್ಬರು 72ರ ಆಸುಪಾಸಿನ ಹೆಂಗಸು. ಊರಿಗೆಲ್ಲ ಅವರು ದೊಡ್ಡಮ್ಮ.

ಮಾತಿನ ದಿನ

ಇಂಥ ಮಾತಿಗೆ ಸಾಮಾನ್ಯವಾಗಿ ಒಳ್ಳೆಯ ಶೂಗಳ ಚಿತ್ರ ತೋರಿಸುವ ರೂಢಿ ಇದೆ. ನಾನು ಅದನ್ನು ಬೇಡ ಅಂತ ನಿರ್ಧರಿಸಿದೆ. ಕಾರಣ ಸರಳ. ಕೂಟದ ಹೆಚ್ಚಿನವರು ವರ್ಷಕ್ಕೆ ನಾಲ್ಕು ದಿನವೂ ಶೂ ಹಾಕುವುದಿಲ್ಲ. ಮೊದಲು ಅವರು ಎಲ್ಲಿ ಬಿದ್ದರು, ಆಗ ಕಾಲಲ್ಲಿ ಏನಿತ್ತು ಅಂತ ಗೊತ್ತಾಗಬೇಕಿತ್ತು.

"ಯಾರಾದರೂ ಬಿದ್ದಿದ್ದೀರಾ?" ಅಂತ ಕೇಳಿದರೆ ಕೈ ಎತ್ತುವವರು ಕಡಿಮೆ. ಮಕ್ಕಳಿಗೆ ಗೊತ್ತಾದರೆ ತೋಟಕ್ಕೆ ಬಿಡುವುದಿಲ್ಲ ಅನ್ನುವ ಹೆದರಿಕೆ ಇರುತ್ತದೆ. ಅದಕ್ಕೆ ಜಾಗ ಹಿಡಿದು ಕೇಳಿದೆ. ಈ ಮಳೆಗಾಲ ಅಂಗಳದಲ್ಲಿ ಕಾಲು ಜಾರಿದವರು ಯಾರು? ಬಚ್ಚಲಲ್ಲಿ? ಹೊಸ್ತಿಲು ಎಡವಿದವರು? ಜಗಲಿಯಲ್ಲಿ ಚಪ್ಪಲಿ ಹಾಕುವಾಗ ವಾಲಿದವರು? ಒಂದೊಂದಕ್ಕೂ ಕೈಗಳು ಮೇಲೆ ಬಂದವು. ಕಾರ್ಯದರ್ಶಿಗಳು ಹಲಗೆ ಮೇಲೆ ಗೆರೆ ಎಳೆಯುತ್ತಾ ಹೋದರು. ಪ್ರತಿಯೊಬ್ಬರಿಗೂ ಎರಡನೇ ಪ್ರಶ್ನೆ, "ಆಗ ಕಾಲಲ್ಲಿ ಏನಿತ್ತು?"

ಹಲಗೆ ತುಂಬಿದಾಗ ಒಂದು ವಿಷಯ ಎದ್ದು ಕಂಡಿತು. ಅರ್ಧಕ್ಕಿಂತ ಜಾಸ್ತಿ ಜನ ಬರಿಗಾಲಲ್ಲಿ ಜಾರಿದ್ದರು, ಇಲ್ಲವೇ ಚಪ್ಪಲಿ ಹಾಕುವ, ಕಳಚುವ ಹೊತ್ತಲ್ಲಿ ವಾಲಿದ್ದರು. ರಸ್ತೆಯಲ್ಲಿ ಬಿದ್ದವರು ಒಬ್ಬಿಬ್ಬರು ಮಾತ್ರ. ಕರೆದದ್ದು ಚಪ್ಪಲಿ ಬಗ್ಗೆ ಮಾತಾಡಲಿಕ್ಕೆ. ಆದರೆ ಇವರು ಬೀಳುತ್ತಿದ್ದದ್ದು ಚಪ್ಪಲಿ ಇಲ್ಲದ ಕಡೆ. ನಮ್ಮ ಮನೆಗಳಲ್ಲಿ ಚಪ್ಪಲಿ ಜಗಲಿಯ ಮೆಟ್ಟಿಲಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಒಳಗೆ, ದಿನದ ಬಹುಪಾಲು ಹೊತ್ತು, ಟೈಲ್ಸ್ ನೆಲದ ಮೇಲೆ ಬರಿಗಾಲು. ಹಳೇ ಮಣ್ಣಿನ ನೆಲದಲ್ಲಿ, ಕಾವಿ ನೆಲದಲ್ಲಿ ಇದು ಅಷ್ಟು ತೊಂದರೆ ಆಗುತ್ತಿರಲಿಲ್ಲ. ಹೊಳೆಯುವ ಟೈಲ್ಸ್ ಮೇಲೆ ನಾಲ್ಕು ಹನಿ ನೀರು ಬಿದ್ದರೆ ಕಾಣಿಸುವುದೂ ಇಲ್ಲ.

ಆಮೇಲೆ ಎಲ್ಲರನ್ನೂ ಹಾಲ್‌ನ ಬಾಗಿಲಿಗೆ ಕರೆದೆ. ಹೊರಗೆ ಚಪ್ಪಲಿ ರಾಶಿ ಇತ್ತು. ಒಂದೊಂದೇ ಎತ್ತಿ ತಿರುಗಿಸಿ ಅಟ್ಟೆ ತೋರಿಸಿದೆ. ಹೆಚ್ಚಿನವು ಹವಾಯಿ. ಹವಾಯಿ ಚಪ್ಪಲಿಗೆ ಹಿಂದೆ ಹಿಡಿತವಿಲ್ಲ. ಅದು ಕಾಲಿಂದ ಕಳಚದಂತೆ ಇರಬೇಕಾದರೆ ಪ್ರತಿ ಹೆಜ್ಜೆಗೂ ಬೆರಳುಗಳು ಬಾರನ್ನು ಬಿಗಿ ಹಿಡಿಯಬೇಕು. ವಯಸ್ಸಾದಂತೆ ಬೆರಳಿನ ಶಕ್ತಿ ಕುಗ್ಗುತ್ತದೆ. ಆಗ ಜನ ಕಾಲೆತ್ತುವುದು ಬಿಟ್ಟು ಎಳೆಯಲು ಶುರು ಮಾಡುತ್ತಾರೆ. ಇದು ಅಟ್ಟೆಯಲ್ಲೇ ಗೊತ್ತಾಗುತ್ತದೆ, ಮುಂದಿನ ತುದಿ ಸವೆದಿರುತ್ತದೆ. ಚೆನ್ನಾಗಿ ನಡೆಯುವವರ ಚಪ್ಪಲಿ ಹಿಮ್ಮಡಿಯ ಹೊರ ಅಂಚಲ್ಲಿ ಸ್ವಲ್ಪ ಸವೆಯುವುದು ಸಹಜ. ಮುಂದಿನ ತುದಿ ಸವೆದಿದ್ದರೆ, ಅಥವಾ ಎಡ ಬಲದ ಸವೆತದಲ್ಲಿ ತುಂಬಾ ವ್ಯತ್ಯಾಸ ಇದ್ದರೆ, ಅದರ ಯಜಮಾನರ ನಡಿಗೆಯನ್ನೊಮ್ಮೆ ನೋಡಬೇಕು.

ರಾಶಿಯಲ್ಲಿ ಒಂದು ಜೊತೆಯ ಮುಂದಿನ ತುದಿ ಕಾಗದದಷ್ಟು ತೆಳುವಾಗಿತ್ತು. "ಇದು ಯಾರದ್ದು?" ಅಂದೆ. ಮಾಸ್ಟ್ರು ನಕ್ಕರು. "ನನ್ನದೇ. ಆದರೆ ಅದನ್ನು ಇವತ್ತು ಕೂಟಕ್ಕೆ ಅಂತ ಹಾಕಿದ್ದು ಮಾರಾಯ್ರೇ. ನಾನೀಗ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ನಡೆಯೋದು. ಎರಡು ಸಲ ಬಿದ್ದೆ, ಎರಡು ಸಲವೂ ಕಾಲಲ್ಲಿ ಏನೋ ಇತ್ತು."

ಸಮಸ್ಯೆ

ಅವರ ಲೆಕ್ಕ ತಪ್ಪು ಅಂತ ಹೇಳುವಂತಿರಲಿಲ್ಲ. ಮೊದಲ ಸಲ ಜುಲೈಯಲ್ಲಿ, ಪಾಚಿ ಹಿಡಿದ ಅಂಗಳದಲ್ಲಿ, ಇದೇ ಹವಾಯಿ ಹಾಕಿಕೊಂಡು ಜಾರಿದ್ದರು. ಎರಡನೇ ಸಲದ್ದು ಸ್ವಾರಸ್ಯದ ಕಥೆ. ಗಲ್ಫಿನಲ್ಲಿರುವ ಮಗ ಕೆಲವು ವರ್ಷಗಳ ಹಿಂದೆ ದುಬಾರಿ ಸ್ಪೋರ್ಟ್ಸ್ ಶೂ ತಂದುಕೊಟ್ಟಿದ್ದ. "ಸುಮ್ನೆ ಯಾಕೆ ಹಾಳು ಮಾಡೋದು" ಅಂತ ಮಾಸ್ಟ್ರು ಅದನ್ನು ಕಪಾಟಿನಲ್ಲಿ ಇಟ್ಟಿದ್ದರು. ಅಂಗಳದಲ್ಲಿ ಬಿದ್ದ ಮೇಲೆ, ಇನ್ನು ಒಳ್ಳೆಯದನ್ನೇ ಹಾಕೋಣ ಅಂತ ತೆಗೆದರು. ಒಂದು ಮದುವೆಗೆ ಹೋಗಿ ಬಂದು ಮೆಟ್ಟಿಲು ಹತ್ತುವಾಗ ಬಲಗಾಲಿನ ಅಟ್ಟೆ ಅರ್ಧ ಕಿತ್ತು ಬಂತು. ಮುಗ್ಗರಿಸಿದರು. ಮೊಣಕಾಲು ತರಚಿತು, ಅಷ್ಟೇ ಆಗಿ ಉಳಿಯಿತು.

ಆ ಶೂವನ್ನು ಆಮೇಲೆ ಮನೆಯಲ್ಲಿ ನೋಡಿದೆ. ಮೇಲ್ಭಾಗ ಹೊಸದರ ಹಾಗೆ ಇತ್ತು. ಅಟ್ಟೆಯ ಬದಿಯನ್ನು ಉಗುರಿನಲ್ಲಿ ಒತ್ತಿದರೆ ಪುಡಿ ಉದುರುತ್ತಿತ್ತು. ಇಂಥ ಎಷ್ಟೋ ಶೂಗಳ ಅಟ್ಟೆ ಪಾಲಿಯುರೆಥೇನ್, ಅಂಗಡಿಯವರು ಪಿಯು ಅನ್ನುತ್ತಾರೆ. ಗಾಳಿಯ ತೇವ ಹೀರಿಕೊಂಡು ಅದು ಒಳಗಿಂದಲೇ ಒಡೆಯುತ್ತಾ ಬರುತ್ತದೆ. ಹಾಕದೆ ಇಟ್ಟರೂ ಒಡೆಯುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ, ಮುಚ್ಚಿದ ಕಪಾಟಿನಲ್ಲಿ, ಇದು ಬೇಗ. ಗಲ್ಫಿನ ಶೂ ಕಪಾಟಿನಲ್ಲಿ ಕಾಯುತ್ತಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ವರ್ಷಗಟ್ಟಲೆ ಇಟ್ಟ ಶೂವನ್ನು ಹಾಕುವ ಮೊದಲು ಅಟ್ಟೆಯನ್ನು ಬಗ್ಗಿಸಿ, ಉಗುರಿನಲ್ಲಿ ಒತ್ತಿ ನೋಡಬೇಕು. ಬಿರುಕು, ಅಂಟು, ಪುಡಿ ಯಾವುದು ಕಂಡರೂ ಎಸೆಯುವುದೇ ಸರಿ.

ಆ ಶೂವಿಗೆ ಇನ್ನೂ ಎರಡು ದೋಷ ಇದ್ದವು. ಒಂದು, ಅಳತೆ. ಮಾಸ್ಟ್ರ ಪಾದ ಅಗಲ. ಅಗಲಕ್ಕೆ ಸರಿಯಾಗಲಿ ಅಂತ ಮಗ ಎರಡು ನಂಬರ್ ದೊಡ್ಡದು ತಂದಿದ್ದ. ಅಗಲ ಸರಿಯಾಯಿತು, ಮುಂದೆ ಎರಡು ಬೆರಳಿನಷ್ಟು ಖಾಲಿ ಉಳಿಯಿತು. ಆ ಖಾಲಿ ತುದಿಯೇ ಮೆಟ್ಟಿಲಿಗೆ ತಾಗುವುದು. ಇನ್ನೊಂದು, ದಪ್ಪ ಮೆತ್ತನೆಯ ಅಟ್ಟೆ. ಕಾಲಿಗೆ ಹಿತ, ಆದರೆ ಸಮತೋಲಕ್ಕೆ ಒಳ್ಳೆಯದಲ್ಲ. ಅಂಗಾಲು ನೆಲದ ಏರುತಗ್ಗನ್ನು, ದೇಹ ಯಾವ ಕಡೆ ವಾಲುತ್ತಿದೆ ಅನ್ನುವುದನ್ನು ಮೆದುಳಿಗೆ ಹೇಳುತ್ತಾ ಇರುತ್ತದೆ. ನಡುವೆ ದಪ್ಪ ಮೆತ್ತೆ ಬಂದರೆ ಆ ಸುದ್ದಿ ಮಸುಕಾಗುತ್ತದೆ. ಹತ್ತಿ ಹಾಸಿಗೆ ಮೇಲೆ ಒಂಟಿ ಕಾಲಲ್ಲಿ ನಿಂತ ಹಾಗೆ.

ಹಾಗಾದರೆ ಬರಿಗಾಲೇ ವಾಸಿ ಅಲ್ವಾ ಅಂತ ಮಾಸ್ಟ್ರು ಕೇಳಿದರು. ಹಾಲ್‌ನಲ್ಲಿ ಹಲವರು ತಲೆಯಾಡಿಸಿದರು. ಒಳ್ಳೆಯ ಪ್ರಶ್ನೆ. ನೆಲದ ಸುದ್ದಿ ನೇರ ಸಿಗುವುದು ಬರಿಗಾಲಿಗೇ. ಆದರೆ ಸುದ್ದಿ ಹೊರುವ ನರಗಳು ಸರಿ ಇದ್ದರೆ ಮಾತ್ರ. ಸಕ್ಕರೆ ಕಾಯಿಲೆ ಇರುವವರಲ್ಲಿ ಅದನ್ನು ಪರೀಕ್ಷಿಸದೆ ಉತ್ತರ ಕೊಡುವ ಹಾಗಿಲ್ಲ.

ಬೆರಳು ಮುಟ್ಟುವ ಪರೀಕ್ಷೆ, ಕಾಗದ ಎಳೆಯುವ ಪರೀಕ್ಷೆ

ಅದಕ್ಕೆ ಉಪಕರಣ ಬೇಡದ ಒಂದು ಪರೀಕ್ಷೆ ಇದೆ, ಇಪ್ಸ್‌ವಿಚ್ ಟಚ್ ಟೆಸ್ಟ್ ಅಂತ. ಕಣ್ಣು ಮುಚ್ಚಿ ಕುಳಿತವರ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಇನ್ನೊಬ್ಬರು ತೋರುಬೆರಳಲ್ಲಿ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಎರಡು ಪಾದಕ್ಕೆ ಒಟ್ಟು ಆರು ಕಡೆ. ಮುಟ್ಟಿದ್ದು ಗೊತ್ತಾದರೆ ಎಡ, ಬಲ ಅಂತ ಹೇಳಬೇಕು. ಎರಡು ಅಥವಾ ಜಾಸ್ತಿ ಕಡೆ ಗೊತ್ತಾಗದಿದ್ದರೆ ಪಾದದ ಸ್ಪರ್ಶ ಕುಗ್ಗಿದೆ ಅಂತ ಲೆಕ್ಕ, ಡಾಕ್ಟರಿಗೆ ತೋರಿಸಬೇಕು.

ಹಾಲ್‌ನಲ್ಲಿ ಜೋಡಿ ಜೋಡಿಯಾಗಿ ಕೂರಿಸಿದೆ. ಇದು ಅಷ್ಟು ಸುಲಭವಾಗಲಿಲ್ಲ. ಒಬ್ಬರ ಕಾಲು ಇನ್ನೊಬ್ಬರು ಮುಟ್ಟುವುದೆಂದರೆ ನಮ್ಮಲ್ಲಿ ಅದಕ್ಕೆ ಬೇರೆಯೇ ಅರ್ಥ. "ನಿಮ್ಮ ಕೈಲಿ ಕಾಲು ಮುಟ್ಟಿಸಿಕೊಳ್ಳುವಷ್ಟು ದೊಡ್ಡವನಲ್ಲ ನಾನು" ಅಂತ ಒಬ್ಬರು ಕಾಲು ಎಳೆದುಕೊಂಡರು. ಕೊನೆಗೆ ಗಂಡ ಹೆಂಡತಿ ಜೊತೆಯಾದರು, ಒಂಟಿಯಾಗಿ ಬಂದವರಿಗೆ ನಾನೇ ಮಾಡಿದೆ.

ಮಾಸ್ಟ್ರಿಗೆ ಆರರಲ್ಲಿ ಮೂರು ಗೊತ್ತಾಗಲಿಲ್ಲ. ನಾನು ಮುಟ್ಟಿ ಆಗಿತ್ತು, ಅವರು "ಇನ್ನು ಶುರು ಮಾಡಿ" ಅಂತ ಹೇಳುತ್ತಾ ಇದ್ದರು. ಈ ಪ್ರಕರಣ ತಿರುಗಿದ್ದು ಇಲ್ಲಿ. ಬರಿಗಾಲು ಸುರಕ್ಷಿತ ಅಂತ ಅವರು ನಂಬಿದ್ದ ಕಾರಣವೇ ಅವರ ಪಾದಕ್ಕೆ ಅನ್ವಯಿಸುತ್ತಿರಲಿಲ್ಲ. ಅಷ್ಟೇ ಅಲ್ಲ, ಸ್ಪರ್ಶ ಕುಗ್ಗಿದ ಪಾದಕ್ಕೆ ಅಡಿಕೆ ಸಿಪ್ಪೆಯ ಚೂರು ಚುಚ್ಚಿದರೂ, ಬಿಸಿಲಿಗೆ ಕಾದ ಅಂಗಳ ಸುಟ್ಟರೂ ತಿಳಿಯುವುದಿಲ್ಲ. ಗಾಯ ಕಾಣುವಾಗ ಕೀವಾಗಿರುತ್ತದೆ.

ಎರಡನೇ ಪರೀಕ್ಷೆ ಬೆರಳಿನ ಶಕ್ತಿಯದು. ಕುರ್ಚಿಯಲ್ಲಿ ಕುಳಿತು, ಪಾದ ನೆಲಕ್ಕಿಟ್ಟು, ಹೆಬ್ಬೆರಳಿನ ಕೆಳಗೆ ಒಂದು ದಪ್ಪ ಕಾಗದ. ನಾವು ಬಳಸಿದ್ದು ಹಳೇ ಮದುವೆ ಆಮಂತ್ರಣ, ಅದು ಎಲ್ಲ ಮನೆಯಲ್ಲೂ ಬೇಕಾದಷ್ಟು. ಬೆರಳಲ್ಲಿ ಒತ್ತಿ ಹಿಡಿಯಿರಿ ಅಂತ ಹೇಳಿ ಕಾಗದವನ್ನು ಮೆಲ್ಲಗೆ ಎಳೆಯಬೇಕು. ಮಾಸ್ಟ್ರ ಎರಡೂ ಹೆಬ್ಬೆರಳಿಂದ ಕಾಗದ ಸಲೀಸಾಗಿ ಜಾರಿ ಬಂತು. ಹೆಜ್ಜೆಯ ಕೊನೆಯಲ್ಲಿ ನೆಲವನ್ನು ಹಿಂದಕ್ಕೆ ತಳ್ಳುವುದು, ಮುಂದಕ್ಕೆ ವಾಲಿದಾಗ ದೇಹವನ್ನು ತಡೆಯುವುದು ಈ ಬೆರಳುಗಳು. ಇವು ಸೋತವರು ಜಾಸ್ತಿ ಬೀಳುತ್ತಾರೆ ಅಂತ ಅಧ್ಯಯನಗಳು ಹೇಳುತ್ತವೆ.

ಮೂರನೆಯದು ಕುರ್ಚಿಯಿಂದ ಏಳುವುದು. ಕೈಗಳನ್ನು ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಹುದು? 75ರಿಂದ 79 ವರ್ಷದ ಗಂಡಸರಿಗೆ 11ಕ್ಕಿಂತ ಕಡಿಮೆ ಆದರೆ ಕಾಲಿನ ಶಕ್ತಿ ಸಾಲದು ಅಂತ ಲೆಕ್ಕ. ಮಾಸ್ಟ್ರಿಗೆ 8 ಆಯಿತು.

ಮನೆಯಲ್ಲಿ ನೋಡಿದ್ದು

ಮುಂದಿನ ವಾರ ಅವರ ಮನೆಗೆ ಹೋದೆ. ಬೀಳುವುದೆಲ್ಲ ಕಾಲಿಂದಲೇ ಅಂತ ತಿಳಿಯಬಾರದು. ಮಲಗಿದ್ದವರನ್ನು ಎಬ್ಬಿಸಿ ನಿಲ್ಲಿಸಿ, ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಬಿಪಿ ನೋಡಿದೆ. ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ಮಾತ್ರೆಗಳ ಕಡೆ ಗಮನ ಹೋಗಬೇಕು. ಇವರಿಗೆ ಅಷ್ಟು ಇಳಿಯಲಿಲ್ಲ. ಕನ್ನಡಕ ಹೊಸದು. ಹಾಗಾಗಿ ಪಾದಕ್ಕೇ ಮರಳಿದೆವು.

ಸಂಜೆ ಹೊತ್ತು, ನಿಂತ ಭಂಗಿಯಲ್ಲಿ, ಕಾಗದದ ಮೇಲೆ ಎರಡೂ ಪಾದದ ಗೆರೆ ಎಳೆದೆ. ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ನಿಂತಾಗ ಅಗಲವಾಗುತ್ತದೆ. ಬೆಳಗ್ಗೆ ಕುಳಿತು ಅಳೆದರೆ ಚಪ್ಪಲಿ ಬಿಗಿಯಾಗುತ್ತದೆ. ಆ ಗೆರೆಯ ಮೇಲೆ ಅವರ ಹಳೇ ಚರ್ಮದ ಚಪ್ಪಲಿ ಇಟ್ಟರೆ ಪಾದ ಎರಡೂ ಬದಿ ಹೊರಗೆ ಚಾಚಿತ್ತು. ಕಿರುಬೆರಳಿನ ಬದಿಗೆ ಒಂದು ಆಣಿ. ಅದಕ್ಕೆ ಮೆಡಿಕಲ್‌ನಿಂದ ಆಣಿಯ ಪಟ್ಟಿ ತಂದು ಅಂಟಿಸುತ್ತಿದ್ದರು. ಅದರಲ್ಲಿರುವ ಆಮ್ಲ ಆಣಿಯ ಜೊತೆಗೆ ಸುತ್ತಲಿನ ಚರ್ಮವನ್ನೂ ತಿನ್ನುತ್ತದೆ. ಸ್ಪರ್ಶ ಕುಗ್ಗಿದ ಸಕ್ಕರೆ ಕಾಯಿಲೆಯವರು ಅದನ್ನು ಬಳಸಬಾರದು. ಅವತ್ತೇ ನಿಲ್ಲಿಸಿದೆವು. ಚಪ್ಪಲಿಯ ಅಗಲ ಸರಿಯಾದರೆ ಆಣಿಯ ಮೇಲಿನ ಒತ್ತಡ ತಾನೇ ಕಡಿಮೆಯಾಗುತ್ತದೆ.

ಈಗ ಆಯ್ಕೆ. ಸಕ್ಕರೆ ಕಾಯಿಲೆಯವರಿಗೆ ಎಂಸಿಆರ್ ಚಪ್ಪಲಿ ಅಂತ ಎಲ್ಲ ಕಡೆ ಹೇಳುತ್ತಾರೆ. ಮೆತ್ತನೆಯ ರಬ್ಬರಿನ ಒಳಹಾಸು, ಅಂಗಾಲಿನ ಒತ್ತಡವನ್ನು ಹರಡುತ್ತದೆ. ಗಾಯ ತಪ್ಪಿಸಲು ಅದು ಬೇಕು. ಸಮತೋಲಕ್ಕೆ ಮಾತ್ರ ತೆಳು, ಗಟ್ಟಿ ಅಟ್ಟೆ ಬೇಕು. ಇವೆರಡೂ ಒಂದಕ್ಕೊಂದು ಎದುರು. ನಾವು ನಡುದಾರಿ ಹಿಡಿದೆವು: ಪಾದಕ್ಕೆ ತಾಗುವ ಕಡೆ ತೆಳುವಾದ ಎಂಸಿಆರ್ ಹಾಸು, ಅದರ ಕೆಳಗೆ ನಡುವೆ ಮಡಚದ ಗಟ್ಟಿ ರಬ್ಬರ್ ಅಟ್ಟೆ. ಹಿಮ್ಮಡಿಯ ಎತ್ತರ ಒಂದು ಇಂಚಿಗಿಂತ ಕಡಿಮೆ, ಅದೂ ಅಗಲವಾಗಿರಬೇಕು. ಹಿಂದೆ ಪಟ್ಟಿ, ಮೇಲೆ ವೆಲ್ಕ್ರೋ. ಪಾದದ ಗೆರೆಗಿಂತ ಅಟ್ಟೆ ಎಲ್ಲ ಕಡೆ ತುಸು ದೊಡ್ಡದು, ಉದ್ದನೆಯ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ.

ಅಂಗಡಿಗೆ ಹೋದಾಗ ಕೈಯಲ್ಲೇ ಮಾಡುವ ಮೂರು ಪರೀಕ್ಷೆ ಕಲಿಸಿದೆ. ಅಟ್ಟೆಯನ್ನು ಬಗ್ಗಿಸಿದರೆ ಬೆರಳುಗಳು ಬಗ್ಗುವ ಜಾಗದಲ್ಲಿ ಮಾತ್ರ ಬಗ್ಗಬೇಕು, ನಡುವೆ ಮಡಚಬಾರದು. ಬಟ್ಟೆ ಹಿಂಡುವಂತೆ ತಿರುಚಿದರೆ ಸುಲಭವಾಗಿ ತಿರುಚಿಕೊಳ್ಳಬಾರದು. ಶೂ ಆದರೆ ಹಿಮ್ಮಡಿಯ ಹಿಂಭಾಗವನ್ನು ಹೆಬ್ಬೆರಳಲ್ಲಿ ಒತ್ತಿದಾಗ ಒಳಗೆ ಕುಸಿಯಬಾರದು. ಮಗನ ಶೂ 9 ನಂಬರ್. ಅಂಗಡಿಯಲ್ಲಿ ಅಗಲ ಪಾದದ ಮಾದರಿಯಲ್ಲಿ 7 ಸರಿಯಾಯಿತು. ಎರಡು ಜೊತೆ ಕೊಂಡರು. ಒಂದು ಹೊರಗೆ, ಒಂದು ಮನೆಯೊಳಗೆ ಮಾತ್ರ.

ಮನೆಯೊಳಗಿನ ಜೊತೆಗೆ ಅವರ ಹೆಂಡತಿ ಮೊದಲು ಒಪ್ಪಲಿಲ್ಲ. ಒಳಗೆ ಚಪ್ಪಲಿ ಹಾಕಿದರೆ ನೋಡಿದವರು ಏನೆನ್ನುತ್ತಾರೆ? ಒಂದು ಒಪ್ಪಂದ ಆಯಿತು. ಆ ಜೊತೆ ಎಂದಿಗೂ ಅಂಗಳಕ್ಕೆ ಇಳಿಯುವುದಿಲ್ಲ. ದೇವರ ಕೋಣೆಗೂ ಅಡಿಗೆ ಮನೆಗೂ ಹೋಗುವುದಿಲ್ಲ. ಆ ಎರಡು ಕಡೆ ಬಾಗಿಲ ಪಕ್ಕ ಗೋಡೆಗೆ ಹಿಡಿಕೆ ಹಾಕಿಸಿದರು, ಕಳಚುವಾಗ ಹಿಡಿಯಲಿಕ್ಕೆ. ಜಗಲಿಯಲ್ಲಿ ಕೈ ಇರುವ ಒಂದು ಕುರ್ಚಿ ಕಾಯಂ ಇಟ್ಟರು. ಚಪ್ಪಲಿ ಹಾಕುವುದು, ಬಿಡುವುದು ಇನ್ನು ಕುಳಿತೇ. ನನ್ನ ಲೆಕ್ಕದಲ್ಲಿ ಆ ಕುರ್ಚಿ ಚಪ್ಪಲಿಗಿಂತ ಕಡಿಮೆ ಕೆಲಸ ಮಾಡಿಲ್ಲ. ಹಿಂಪಟ್ಟಿ ಇರುವ ಚಪ್ಪಲಿ ಕೊಡಿಸಿ ಕೂರುವ ಜಾಗ ಕೊಡದಿದ್ದರೆ, ಜನ ಪಟ್ಟಿಯನ್ನು ಹಿಮ್ಮಡಿ ಕೆಳಗೆ ತುಳಿದು ನಡೆಯುತ್ತಾರೆ. ಅದು ಹವಾಯಿಗಿಂತ ಅಪಾಯ.

ದೊಡ್ಡಮ್ಮ ಬೇಡ ಅಂದರು

ದೊಡ್ಡಮ್ಮನದು ಬೇರೆ ದಾರಿ. ಬಚ್ಚಲ ಹೊಸ್ತಿಲಲ್ಲಿ ಒಮ್ಮೆ ಜಾರಿದ್ದರು, ಪೆಟ್ಟಾಗಿರಲಿಲ್ಲ. ಆರೂ ಕಡೆ ಸ್ಪರ್ಶ ಚೆನ್ನಾಗಿತ್ತು, ಸಕ್ಕರೆ ಕಾಯಿಲೆ ಇಲ್ಲ. ಮನೆಯೊಳಗೆ ಚಪ್ಪಲಿ ಅಂದ ಕೂಡಲೇ, "ಇಷ್ಟು ವರ್ಷ ಮಡಿಯಲ್ಲಿ ನಡೆದ ಮನೆ, ಈಗ ಬೇಡ ಮಗಾ" ಅಂದರು. ಸೊಸೆ ನನ್ನ ಮುಖ ನೋಡಿದಳು, ಒತ್ತಾಯ ಮಾಡಲಿ ಅಂತ. ನಾನು ಒತ್ತಾಯಿಸಲಿಲ್ಲ. ಸ್ಪರ್ಶ ಸರಿ ಇರುವವರು ಒಣ ನೆಲದಲ್ಲಿ ಬರಿಗಾಲಲ್ಲಿ ನಡೆಯುವುದರ ಅಪಾಯವೂ ಮಾಸ್ಟ್ರ ಅಪಾಯವೂ ಒಂದೇ ಅಲ್ಲ. ಹಾಕದೆ ಮೂಲೆಗೆ ಬೀಳುವ ಚಪ್ಪಲಿಗಿಂತ ನೆಲವನ್ನು ಸರಿ ಮಾಡುವುದು ಮೇಲು.

ಬಚ್ಚಲಲ್ಲಿ ಒರಟು ರಬ್ಬರ್ ಮ್ಯಾಟ್, ಹೊಸ್ತಿಲ ಹೊರಗೆ ಜಾರದ ಕಾಲೊರೆಸು. ಕಾಲೊರೆಸು ಅಂತ ಮಡಚಿದ ಹಳೇ ಸೀರೆ ಇತ್ತು, ಟೈಲ್ಸ್ ಮೇಲೆ ಅದೇ ಜಾರುತ್ತಿತ್ತು. ರಾತ್ರಿಗೆ ಬಚ್ಚಲ ದಾರಿಯಲ್ಲಿ ಸಣ್ಣ ದೀಪ. ಚಳಿಗೆ ಕಾಲುಚೀಲ ಮಾತ್ರ ಹಾಕಿ ಟೈಲ್ಸ್ ಮೇಲೆ ನಡೆಯುವುದನ್ನು ಬಿಡಿಸಿದೆವು, ಅದು ಬರಿಗಾಲಿಗಿಂತಲೂ ಜಾರುತ್ತದೆ. ವ್ಯಾಯಾಮಕ್ಕೆ ಅವರು ಖುಷಿಯಿಂದ ಒಪ್ಪಿದರು. ಅಂಗಳಕ್ಕೆ ಇಳಿಯುವಾಗ ಹಿಂಪಟ್ಟಿಯ ಚಪ್ಪಲಿಗೂ ಒಪ್ಪಿದರು. ಅವರ ಹಳೇ ಚಪ್ಪಲಿಗೆ ಬಸ್‌ಸ್ಟ್ಯಾಂಡ್ ಬಳಿಯ ಚಪ್ಪಲಿ ಹೊಲಿಯುವವರು ಹಿಂದೆ ಎಲಾಸ್ಟಿಕ್ ಪಟ್ಟಿ ಹೊಲಿದು ಕೊಟ್ಟರು. ಹೊಸದು ಕೊಳ್ಳಲೇ ಬೇಕಾಗಲಿಲ್ಲ.

ಪಾದದ ವ್ಯಾಯಾಮ

ಕೂಟಕ್ಕೆ ನಾಲ್ಕೇ ನಾಲ್ಕು ವ್ಯಾಯಾಮ ಕೊಟ್ಟೆ, ವಾರಕ್ಕೆ ಮೂರು ದಿನ. ಜಾಸ್ತಿ ಕೊಟ್ಟರೆ ಯಾವುದೂ ಉಳಿಯುವುದಿಲ್ಲ. ಅಡಿಗೆ ಕಟ್ಟೆ ಅಥವಾ ಗಟ್ಟಿ ಮೇಜು ಹಿಡಿದು ಎರಡೂ ಹಿಮ್ಮಡಿ ಎತ್ತುವುದು, ಮೂರು ಎಣಿಸುವಷ್ಟು ಹೊತ್ತು ನಿಲ್ಲುವುದು, ಮೆಲ್ಲಗೆ ಇಳಿಸುವುದು. ಹತ್ತು ಸಲ, ಎರಡು ಸುತ್ತು. ಕುಳಿತುಕೊಂಡು ಹೆಬ್ಬೆರಳಲ್ಲಿ ಆಮಂತ್ರಣದ ಕಾಗದ ಒತ್ತಿ ಹಿಡಿದು ಐದು ಎಣಿಸುವುದು. ಬೆರಳನ್ನು ಒಳಗೆ ಮಡಚಬಾರದು, ನೇರವಾಗಿಟ್ಟೇ ನೆಲಕ್ಕೆ ಒತ್ತಬೇಕು. ಮಡಚಿದರೆ ಹವಾಯಿಯ ಅದೇ ಹಳೇ ಅಭ್ಯಾಸ ಮುಂದುವರಿಯುತ್ತದೆ. ಗೋಡೆಗೆ ಕೈ ಕೊಟ್ಟು ಒಂದು ಕಾಲು ಹಿಂದಿಟ್ಟು ಮೀನಖಂಡ ಎಳೆಯುವುದು. ಇದು ಯಾಕೆ ಅಂದರೆ, ಕಣಕಾಲು ಮೇಲಕ್ಕೆ ಬಗ್ಗದಿದ್ದರೆ ಬೆರಳ ತುದಿ ನೆಲಕ್ಕೆ ತಾಗುತ್ತದೆ. ಕೊನೆಯದು ಕುರ್ಚಿಯಿಂದ ಏಳುವುದು.

ಹಂತ ಏರಿಸುವುದು ಕೈಯ ಆಧಾರ ಕಡಿಮೆ ಮಾಡುತ್ತಾ. ಮೊದಲು ಎರಡು ಕೈ, ಆಮೇಲೆ ಒಂದು, ಆಮೇಲೆ ಬೆರಳ ತುದಿ. ಹಿಡಿದ ಆಧಾರದಿಂದ ದೂರ ಹೋಗುವಂತಿಲ್ಲ. ಮಾಸ್ಟ್ರು ಸ್ಪರ್ಶ ಕುಗ್ಗಿದವರು, ಅವರಿಗೆ ಬರಿಗಾಲ ವ್ಯಾಯಾಮ ಬೇಡ ಅಂದೆ. ಒಳಗಿನ ಚಪ್ಪಲಿ ಹಾಕಿಯೇ ಮಾಡಿದರು, ಕಾಗದದ್ದು ಮಾತ್ರ ಬರಿಗಾಲಲ್ಲಿ, ಕುಳಿತು. ದಿನಾಲೂ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು ಅವರ ಹೆಂಡತಿಯ ಜವಾಬ್ದಾರಿ ಆಯಿತು.

ಇದು ಬರೀ ನನ್ನ ಊಹೆಯ ಮೇಲೆ ನಿಂತದ್ದಲ್ಲ. ಆಸ್ಟ್ರೇಲಿಯಾದಲ್ಲಿ ಕಾಲುನೋವಿದ್ದ 305 ಹಿರಿಯರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾದರಕ್ಷೆಯ ಸಲಹೆ, ಒಳಹಾಸು, ಪಾದ ಮತ್ತು ಕಣಕಾಲಿನ ವ್ಯಾಯಾಮ ಎಲ್ಲ ಸೇರಿಸಿ ಕೊಟ್ಟಾಗ ಬೀಳುವುದು ಶೇಕಡಾ 36ರಷ್ಟು ಕಡಿಮೆಯಾಗಿತ್ತು. ಅಲ್ಲೂ ವ್ಯಾಯಾಮ ವಾರಕ್ಕೆ ಮೂರು ಸಲವೇ, ಆರು ತಿಂಗಳು. ಎಲ್ಲವನ್ನೂ ಒಟ್ಟಿಗೆ ಕೊಟ್ಟದ್ದರಿಂದ ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳಲಾಗುವುದಿಲ್ಲ. ಮತ್ತು ಅಲ್ಲಿ ಮನೆಯೊಳಗೂ ಪಾದರಕ್ಷೆ ಹಾಕುವವರು ಬಹಳ.

ಏನಾಯಿತು

ಆರು ತಿಂಗಳಿಗೆ ಮಾಸ್ಟ್ರು 30 ಸೆಕೆಂಡಿನಲ್ಲಿ 12 ಸಲ ಎದ್ದರು. ಬಲ ಹೆಬ್ಬೆರಳು ಕಾಗದ ಬಿಡಲಿಲ್ಲ. ಎಡದ್ದು ಎಳೆದರೆ ಇನ್ನೂ ಬರುತ್ತಿತ್ತು. ಆಣಿ ಸಣ್ಣದಾಗಿತ್ತು. ಸ್ಪರ್ಶ ಮಾತ್ರ ಮೊದಲಿನಂತೆಯೇ, ಆರರಲ್ಲಿ ಮೂರು. ಅದು ವ್ಯಾಯಾಮದಿಂದ ಮರಳಿ ಬರುತ್ತದೆ ಅಂತ ನಾನು ಹೇಳಿಯೂ ಇರಲಿಲ್ಲ. ಆ ಆರು ತಿಂಗಳಲ್ಲಿ ಅವರು ಬೀಳಲಿಲ್ಲ. ಕೂಟದಲ್ಲಿ ಯಾರೂ ಬೀಳಲಿಲ್ಲ. ಕಾರ್ಯದರ್ಶಿಗಳು ವರದಿಯಲ್ಲಿ ಅದನ್ನು ದೊಡ್ಡದಾಗಿ ಬರೆಯಲು ಹೊರಟಿದ್ದರು. ತಡೆದೆ. ಮಾತು ನಡೆದದ್ದು ಅಕ್ಟೋಬರಿನಲ್ಲಿ. ಅಲ್ಲಿಂದ ಏಪ್ರಿಲ್ ತನಕ ಅಂಗಳ ಹೆಚ್ಚಿನ ದಿನ ಒಣಗಿರುತ್ತದೆ, ಅಡಿಕೆ ಹರಡಿರುತ್ತಾರೆ, ಆಗ ಹೇಗೂ ಬೀಳುವುದು ಕಡಿಮೆ. ಜೂನ್, ಜುಲೈ ಕಳೆಯಲಿ ಅಂದೆ.

ಮಳೆ ಬಂತು. ಇಬ್ಬರು ಬಿದ್ದರು. ಒಬ್ಬರು ಹಳೇ ಹವಾಯಿಗೆ ಮರಳಿದ್ದವರು. ಹೊಸ ಚಪ್ಪಲಿ ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ, ಬೆರಳ ಸಂದಿಯಲ್ಲಿ ಕೊಳೆಯುತ್ತದೆ ಅಂತ ಬಿಟ್ಟಿದ್ದರು. ಅವರು ಹೇಳಿದ್ದು ಸರಿಯೇ. ಮಳೆಗಾಲಕ್ಕೆ ಬಟ್ಟೆ, ಸ್ಪಂಜು ಇಲ್ಲದ, ಪೂರ್ತಿ ರಬ್ಬರಿನ ಹಿಂಪಟ್ಟಿ ಸ್ಯಾಂಡಲ್ ಬೇರೆ ಬೇಕು. ಇನ್ನೊಬ್ಬರು ಸರಿಯಾದ ಸ್ಯಾಂಡಲ್ ಹಾಕಿಯೇ ಪಾಚಿಯ ಮೇಲೆ ಜಾರಿದರು. ಮಣಿಕಟ್ಟು ಉಳುಕಿತು. ಅವರ ಅಟ್ಟೆ ನೋಡಿದರೆ ಗೀರುಗಳ ತುಂಬ ಕೆಂಪು ಮಣ್ಣು ಗಟ್ಟಿಯಾಗಿ ಕುಳಿತಿತ್ತು. ಗೀರು ಇರುವುದು ನೀರು ಹೊರಗೆ ಹೋಗಲಿಕ್ಕೆ. ಮಣ್ಣು ತುಂಬಿದರೆ ಅದು ನಯ ಅಟ್ಟೆಯೇ. ಹಳೇ ಟೂತ್‌ಬ್ರಷ್‌ನಲ್ಲಿ ತಿಕ್ಕಿದರೆ ಹೋಗುತ್ತದೆ. ಆದರೂ ದಪ್ಪ ಪಾಚಿಯ ಮೇಲೆ ನಿಲ್ಲುವ ಅಟ್ಟೆ ಯಾವುದೂ ಇಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬೇಕು, ಇಲ್ಲವೇ ಹಿಂದಿನವರು ಮಾಡುತ್ತಿದ್ದಂತೆ ನಡೆಯುವ ದಾರಿಗೆ ಸೋಗೆ ಹಾಸಬೇಕು.

ಮಾಸ್ಟ್ರು ಜುಲೈಯಲ್ಲಿ ಒಮ್ಮೆ ಜಾರಿದರು, ಬೀಳಲಿಲ್ಲ. ತೋಡಿನ ಸಂಕದ ಹತ್ತಿರ ಹಿಮ್ಮಡಿ ಜಾರಿತು, ಇನ್ನೊಂದು ಕಾಲು ತಡೆಯಿತು. ಅವರು ಅದನ್ನು ನನಗೆ ತಾವಾಗಿ ಹೇಳಿದರು. ಹಿಂದಿನ ವರ್ಷ ಬಿದ್ದದ್ದನ್ನು ಕೂಟದ ಆ ದಿನದ ತನಕ ಯಾರಿಗೂ ಹೇಳಿರಲಿಲ್ಲ. ಚಪ್ಪಲಿ ಕಾಲಲ್ಲೇ ಉಳಿದದ್ದು ಹಿಂಪಟ್ಟಿಯಿಂದ. ಕಾಲು ತಡೆದದ್ದು ವ್ಯಾಯಾಮದಿಂದಲೋ, ಅದೃಷ್ಟದಿಂದಲೋ? ಒಬ್ಬರ ಪ್ರಕರಣದಲ್ಲಿ ಅದನ್ನು ಹೇಳಲಾಗುವುದಿಲ್ಲ.

ಇದರಿಂದ ತಿಳಿದದ್ದು

ಇನ್ನೊಂದು ಊರಿನಲ್ಲಿ ಇದೇ ಮಾತು ಕೊಡುವವರಿಗೆ ನಾನು ಹೇಳುವುದು ಇಷ್ಟು. ಮೊದಲು ಹಲಗೆಯ ಮೇಲೆ ಜಾಗ ಮತ್ತು ಕಾಲಲ್ಲಿದ್ದದ್ದು, ಎರಡನ್ನೂ ಬರೆಸಿ. ನಮ್ಮ ಕೂಟದಲ್ಲಿ ಅದನ್ನು ಬಿಟ್ಟಿದ್ದರೆ ಹೊರಗಿನ ಶೂಗಳ ಬಗ್ಗೆ ಮಾತಾಡಿ ಮುಗಿಯುತ್ತಿತ್ತು, ಜಗಲಿಯ ಕುರ್ಚಿ ಯಾರಿಗೂ ಹೊಳೆಯುತ್ತಿರಲಿಲ್ಲ. ಆಮೇಲೆ ಬೆರಳು ಮುಟ್ಟುವ ಪರೀಕ್ಷೆ. ಬರಿಗಾಲಿನ ಬಗ್ಗೆ ಎಲ್ಲರಿಗೂ ಒಂದೇ ಸಲಹೆ ಕೊಡಬೇಡಿ. ಸ್ಪರ್ಶ ಕುಗ್ಗಿದವರಿಗೆ ಮನೆಯೊಳಗೂ ಚಪ್ಪಲಿ ಬೇಕೇ ಬೇಕು. ಸ್ಪರ್ಶ ಇರುವವರು ಬೇಡ ಅಂದರೆ ನೆಲವನ್ನು ಸರಿಮಾಡುವ ದಾರಿ ಇದೆ. ಮತ್ತು ಲೆಕ್ಕವನ್ನು ಒಂದು ಮಳೆಗಾಲ ದಾಟಿಸಿಯೇ ತೆಗೆಯಿರಿ.

ಬಗೆಹರಿಯದ ಒಂದು ತೊಂದರೆ ಉಳಿದಿದೆ. ಕೂಟದ ಹೆಂಗಸರಲ್ಲಿ ಹಲವರಿಗೆ ಅಗಲ ಪಾದ, ಕೆಲವರಿಗೆ ಹೆಬ್ಬೆರಳ ಗೆಣ್ಣು ಹೊರಗೆ ಬಾಗಿದೆ. ಇಲ್ಲಿನ ಅಂಗಡಿಗಳಲ್ಲಿ ಹೆಂಗಸರ ಸ್ಯಾಂಡಲ್ ಅಂದರೆ ಮುಂದೆ ಕಿರಿದು, ಹಿಂದೆ ಸಪೂರ ಹೀಲ್. ಹಿಂಪಟ್ಟಿ, ಅಗಲ ಹಿಮ್ಮಡಿ, ಅಗಲ ಮುಂಭಾಗ ಮೂರೂ ಇರುವುದು ಸಿಗುವುದಿಲ್ಲ. ಗಂಡಸರ ಸಣ್ಣ ನಂಬರ್ ಹಾಕಿ ನೋಡಿದೆವು, ಅಗಲ ಹೊಂದುತ್ತದೆ, ಹಿಮ್ಮಡಿ ಸಡಿಲವಾಗುತ್ತದೆ. ಪಟ್ಟಿಗೆ ಇನ್ನೊಂದು ತೂತು ಹೊಡೆಸಿ ಸದ್ಯಕ್ಕೆ ನಡೆಯುತ್ತಿದೆ. ಈ ವರ್ಷ ಮಳೆಗೆ ಮೊದಲೇ, ಮೇ ತಿಂಗಳ ಕೂಟಕ್ಕೆ ಚಪ್ಪಲಿ ಅಂಗಡಿಯವರನ್ನೂ ಹೊಲಿಯುವವರನ್ನೂ ಕರೆಯಲು ಹೇಳಿದ್ದೇನೆ. ಪಾದದ ಗೆರೆ ಎಳೆದ ಕಾಗದಗಳನ್ನು ದೊಡ್ಡಮ್ಮ ಕೂಡಿಸಿಡುತ್ತಿದ್ದಾರೆ.